ಟೈಮ್ ಸ್ಲಾಟ್ ಪ್ರವೇಶ ಅಂದರೆ ಏನು?

ಪ್ರದರ್ಶನದ ಟಿಕೆಟ್ ಮೇಲೆ ದಿನಾಂಕದ ಜೊತೆ ‘11:20ರಿಂದ 11:40’ ಅಂತ ಇದ್ದರೆ ಅದು ಟೈಮ್ ಸ್ಲಾಟ್. ಆ 20 ನಿಮಿಷದೊಳಗೆ ನೀವು ಗೇಟ್ ದಾಟಬೇಕು, ಅಷ್ಟೇ. 11:40ಕ್ಕೆ ಹೊರಗೆ ಬರಬೇಕು ಅಂತಲ್ಲ. ಒಳಗೆ ಹೋದ ಮೇಲೆ ಸಾಮಾನ್ಯವಾಗಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ತಿರುಮಲದಲ್ಲಿ ಸಮಯ ಬರೆದ ದರ್ಶನದ ಟೋಕನ್ ತಗೊಂಡವರಿಗೆ ಆ ಸಮಯ ಒಳಗೆ ಹೋಗುವುದಕ್ಕೆ ಅಂತ ಗೊತ್ತೇ ಇರುತ್ತದೆ. ಪ್ಯಾರಿಸ್‌ನ ಲೂವ್ರ್‌ನಲ್ಲಿ 2019ರಲ್ಲಿ ಲಿಯೊನಾರ್ಡೊ ಡ ವಿಂಚಿ ಪ್ರದರ್ಶನ ಶುರುವಾದಾಗಲೂ ಮೊದಲೇ ಸಮಯ ಬುಕ್ ಮಾಡುವುದು ಕಡ್ಡಾಯವಾಗಿತ್ತು.

ಸ್ಲಾಟ್ ಹಿಡಿತದಲ್ಲಿ ಇಟ್ಟುಕೊಳ್ಳುವುದು ಒಳಬರುವವರನ್ನು ಮಾತ್ರ. ಆದರೆ ಒಳಗೆ ನೂಕುನುಗ್ಗಲು ಆಗುತ್ತದೋ ಇಲ್ಲವೋ ಅನ್ನುವುದಕ್ಕೆ ಇನ್ನೊಂದು ಸಂಗತಿಯೂ ಬೇಕು: ಒಬ್ಬೊಬ್ಬರು ಎಷ್ಟು ಹೊತ್ತು ನಿಲ್ಲುತ್ತಾರೆ? ಗಂಟೆಗೆ ಬರುವವರ ಸಂಖ್ಯೆಯನ್ನು ಗಂಟೆ ಲೆಕ್ಕದಲ್ಲಿ ಸರಾಸರಿ ನಿಲ್ಲುವ ಹೊತ್ತಿನಿಂದ ಗುಣಿಸಿದರೆ ಒಳಗೆ ಒಂದು ಸಲಕ್ಕೆ ಇರುವ ಜನ ಸಿಗುತ್ತದೆ. ಇದಕ್ಕೆ ಲಿಟಲ್‌ನ ನಿಯಮ ಅಂತ ಹೆಸರು.

ಶಿರಸಿಯಲ್ಲಿ ಒಂದು ಫಲಪುಷ್ಪ ಪ್ರದರ್ಶನ ಇಟ್ಟುಕೊಂಡಿದ್ದೇವೆ ಅಂದುಕೊಳ್ಳಿ. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ. ಸಭಾಂಗಣದಲ್ಲಿ 250 ಜನ ಆರಾಮಾಗಿ ಓಡಾಡಬಹುದು, ದಿನಕ್ಕೆ ಸುಮಾರು 3000 ಜನ ಬರುತ್ತಾರೆ, ಒಬ್ಬರು 40 ನಿಮಿಷ ನೋಡುತ್ತಾರೆ. ಸ್ಲಾಟ್ ಇಲ್ಲದಿದ್ದರೆ ಬೆಳಿಗ್ಗೆ ಎಲ್ಲ ಖಾಲಿ, ಸಂಜೆ ಕಚೇರಿ, ಶಾಲೆ ಬಿಟ್ಟ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗ ಗಂಟೆಗೆ 600 ಜನ ಬಂದರೆ ಒಳಗೆ 400 ಜನ ಆಗುತ್ತಾರೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ: ಜನ ಜಾಸ್ತಿಯಾದಷ್ಟು ಮುಂದೆ ಹೆಜ್ಜೆ ಹಾಕುವುದು ನಿಧಾನವಾಗಿ, 40 ನಿಮಿಷದ್ದು ಒಂದು ಗಂಟೆ ಹಿಡಿದರೆ ಅದೇ 600 ಜನ ಅಷ್ಟೂ ಒಳಗೇ ಇರುತ್ತಾರೆ. ದಟ್ಟಣೆಯೇ ದಟ್ಟಣೆಯನ್ನು ಹೆಚ್ಚಿಸುವುದು ಹೀಗೆ.

ಈಗ 20 ನಿಮಿಷಕ್ಕೊಂದು ಸ್ಲಾಟ್, ಪ್ರತಿ ಸ್ಲಾಟ್‌ಗೆ 100 ಟಿಕೆಟ್ ಅಂತ ಮಾಡಿ. ಗಂಟೆಗೆ 300 ಜನ, ಒಳಗೆ 200. ಉಳಿದ 50 ಜನರ ಜಾಗವನ್ನು ದಯವಿಟ್ಟು ಮಾರಬೇಡಿ, ಯಾಕಂದರೆ 40 ನಿಮಿಷ ಅನ್ನುವುದು ಸರಾಸರಿ, ಕೆಲವರು ಒಂದೊಂದು ಡೇಲಿಯಾ ಮುಂದೆಯೂ ನಿಂತೇ ನಿಲ್ಲುತ್ತಾರೆ. ಕೊನೆಯ ಸ್ಲಾಟ್ 7 ಗಂಟೆಗೆ ಶುರುವಾಗಿ 7:20ಕ್ಕೆ ಮುಗಿಯಬೇಕು, ಇಲ್ಲದಿದ್ದರೆ ಅವರಿಗೆ ನೋಡಲು ಪೂರ್ತಿ 40 ನಿಮಿಷ ಸಿಗುವುದಿಲ್ಲ. ಲೆಕ್ಕ ಹಾಕಿದರೆ ಒಟ್ಟು 28 ಸ್ಲಾಟ್, 2800 ಜನ. 3000ದಲ್ಲಿ ಉಳಿದ 200 ಜನರನ್ನು ಸಂಜೆಗೆ ತುರುಕುವ ಬದಲು ಪ್ರದರ್ಶನವನ್ನು ಇನ್ನೊಂದು ದಿನ ಮುಂದುವರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಂದು ಗಂಟೆಯ ಸ್ಲಾಟ್ ಮಾಡಿದರೆ ಏನಾಗುತ್ತದೆ? 300 ಜನರಲ್ಲಿ ಹೆಚ್ಚಿನವರು ಶುರುವಿನ ಹತ್ತು ನಿಮಿಷದಲ್ಲೇ ಬಂದು ನಿಲ್ಲುತ್ತಾರೆ. ಗೇಟ್ ಮುಂದೆ ಸಾಲು, ಒಳಗೆ ಏಕದಂ ಗುಂಪು, ಆಮೇಲೆ ಖಾಲಿ. ಹಾಗಾಗಿ ಸ್ಲಾಟ್ ಚಿಕ್ಕದಿದ್ದಷ್ಟು ಒಳ್ಳೆಯದು. ಆದರೆ ನಮ್ಮ ಕಡೆ ತೀರಾ ಚಿಕ್ಕದೂ ನಡೆಯುವುದಿಲ್ಲ. ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಬಸ್ಸಿನಲ್ಲಿ ಬರುವವರು ಹತ್ತು ನಿಮಿಷದ ಲೆಕ್ಕ ಹಿಡಿದು ಬರಲು ಆಗುತ್ತದಾ? ತಡವಾಗಿ ಬಂದವರನ್ನು ವಾಪಸ್ ಕಳಿಸದೆ ಮುಂದಿನ ಸ್ಲಾಟ್‌ಗೆ ಸೇರಿಸಿಕೊಳ್ಳಬೇಕು, ಅದಕ್ಕೂ ಆ 50ರ ಜಾಗ ಬೇಕು. ನೂರರಲ್ಲಿ 60 ಮಾತ್ರ ಆನ್‌ಲೈನ್‌ಗೆ ಇಟ್ಟು 40 ಟೋಕನ್ ಕೌಂಟರ್‌ನಲ್ಲೇ ಕೊಡಬೇಕು, ಫೋನಿನಲ್ಲಿ ಬುಕ್ ಮಾಡಲು ಬಾರದ ಅಜ್ಜ ಅಜ್ಜಿಯರೂ ಬರುತ್ತಾರಲ್ವಾ. ಸಂಜೆಯ ಸ್ಲಾಟ್ ಕೊಡುವಾಗ ಅವರ ಊರಿನ ಕೊನೇ ಬಸ್ ಎಷ್ಟೊತ್ತಿಗೆ ಅಂತ ಒಂದು ಮಾತು ಕೇಳಿದರೆ ಎಷ್ಟೋ ಜನರ ಪರದಾಟ ತಪ್ಪುತ್ತದೆ.

ವ್ಯವಸ್ಥೆ ಹಳಿ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ? ಒಳಬಾಗಿಲಲ್ಲಿ ಒಬ್ಬರು, ಹೊರಬಾಗಿಲಲ್ಲಿ ಒಬ್ಬರು ಎಣಿಸುತ್ತಾ ಇರಬೇಕು. ಮೊದಲ 40 ನಿಮಿಷ ಹೊರಬರುವವರು ಕಡಿಮೆ, ಅದು ಸಹಜ. ಆಮೇಲೂ ಸ್ಲಾಟ್‌ಗೆ 100 ಜನ ಹೋಗಿ 70 ಜನವೇ ಹೊರಬರುತ್ತಿದ್ದರೆ ಒಳಗೆ ಎಲ್ಲೋ ಜನ ನಿಂತುಬಿಟ್ಟಿದ್ದಾರೆ. ಟಿಕೆಟ್ ಕಡಿಮೆ ಮಾಡುವ ಮೊದಲು ಆ ಜಾಗ ಹುಡುಕಿ. ಹೂವಿನಿಂದ ಮಾಡಿದ ದೊಡ್ಡ ಮಾದರಿಯ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ, ಅದು ಬಾಗಿಲ ಹತ್ತಿರವೇ ಇದ್ದರೆ ಹಿಂದಿನ ಸಾಲು ಪೂರ್ತಿ ನಿಲ್ಲುತ್ತದೆ. ಅದನ್ನು ಅಗಲ ಜಾಗಕ್ಕೆ ಸರಿಸಿ. ಗಿಡ ಮಾರುವ ನರ್ಸರಿ ಮಳಿಗೆ, ತಿಂಡಿ ಅಂಗಡಿಗಳನ್ನು ಹೊರಬಾಗಿಲು ದಾಟಿದ ಮೇಲೆ ಇಡಿ. ಅಲ್ಲಿ ಜನ ಎಷ್ಟು ಹೊತ್ತು ಚೌಕಾಸಿ ಮಾಡಿದರೂ ಸಭಾಂಗಣದ ಲೆಕ್ಕಕ್ಕೆ ಬರುವುದಿಲ್ಲ.

ಇದೆಲ್ಲ ನಡೆಯುವುದು ಬೇಲಿ, ಗೇಟು ಇರುವ ಕಡೆ ಮಾತ್ರ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಇದನ್ನೇ ತಂದರೆ ಆಗುವುದಿಲ್ಲ. ಜಾತ್ರೆ ನಡೆಯುವ ಬಿಡ್ಕಿ ಬಯಲಿಗೆ ಜನ ಹತ್ತು ದಿಕ್ಕಿನಿಂದ ಬರುತ್ತಾರೆ, ಸ್ಲಾಟ್ ನೋಡುವುದು ಯಾರು, ಎಲ್ಲಿ ನಿಂತು? ದರ್ಶನದ ಸಾಲಿಗೆ ಬೇಕಾದರೆ ಟೋಕನ್ ಕೊಡಬಹುದು. ಪೇಟೆಯ ಜನದಟ್ಟಣೆಗೆ ಏಕಮುಖ ರಸ್ತೆ, ದೂರದ ಪಾರ್ಕಿಂಗ್, ಅಂಗಡಿಗಳ ನಡುವೆ ಅಗಲವಾದ ದಾರಿ, ಇವೇ ಬೇಕು.