ಮೆಚ್ಚುಗೆ ಪತ್ರ: ಎರಡನೇ ಪ್ಯಾರಾ ಬರೆಯುವ ಬಗೆ

ಮನೆಗೆ ಬಂದು ರಿಪೇರಿ ಮಾಡಿದ ತಂತ್ರಜ್ಞರನ್ನು ಮೆಚ್ಚಿ ಅವರ ಕಂಪನಿಯ ಮ್ಯಾನೇಜರ್‌ಗೆ ಬರೆಯುವ ಪತ್ರ ಇದು. ಇಂದ, ಗೆ, ಮಾನ್ಯರೇ, ವಿಷಯ, ಸಹಿ ಎಲ್ಲವೂ ದೂರು ಪತ್ರದಲ್ಲಿದ್ದಂತೆಯೇ. ವಿಷಯದ ಸಾಲಿನಲ್ಲಿ ‘ಮೆಚ್ಚುಗೆ’ ಎಂಬ ಪದ ಇರಲೇಬೇಕು, ಇಲ್ಲದಿದ್ದರೆ ಪತ್ರ ದೂರುಗಳ ಕಟ್ಟಿಗೆ ಸೇರಿಬಿಡಬಹುದು. ಉಲ್ಲೇಖದಲ್ಲಿ ದೂರು ಸಂಖ್ಯೆ, ಭೇಟಿಯ ದಿನಾಂಕ ಕೊಡಿ. ಒಂದೇ ಹೆಸರಿನ ಇಬ್ಬರು ತಂತ್ರಜ್ಞರಿದ್ದರೂ ಆಗ ಗೊಂದಲವಾಗದು.

ತೊಡಕಿರುವುದು ಎರಡನೇ ಪ್ಯಾರಾದಲ್ಲಿ. ‘ಬಹಳ ಪ್ರಾಮಾಣಿಕವಾಗಿ, ಅಚ್ಚುಕಟ್ಟಾಗಿ ಕೆಲಸ ಮಾಡಿದರು’ ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಮ್ಯಾನೇಜರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ವಿಶೇಷಣಕ್ಕೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಏನನ್ನು ಕಣ್ಣಾರೆ ಕಂಡು ಈ ಮಾತು ಹೇಳುತ್ತಿದ್ದೇನೆ? ಉತ್ತರವನ್ನು ಬರೆದು, ವಿಶೇಷಣವನ್ನು ಹೊಡೆದುಹಾಕಿ.

ಮುಂದುಗಡೆ ಬಾಗಿಲಿರುವ ವಾಷಿಂಗ್ ಮಷಿನ್‌ನಿಂದ ನೀರು ಹೊರಹೋಗುತ್ತಿಲ್ಲ ಎಂದುಕೊಳ್ಳಿ. ಪ್ಯಾರಾ ಹೀಗೆ ಬರುತ್ತದೆ:

‘ನೀರು ಹೋಗದೆ ಮಷಿನ್ ನಿಂತಿತ್ತು, ಬಾಗಿಲೂ ತೆರೆಯುತ್ತಿರಲಿಲ್ಲ. ಪಂಪ್ ಕೆಟ್ಟಿರಬೇಕೆಂದು ನಾವು ಹೊಸದನ್ನೇ ಹಾಕಲು ಹೇಳಿದೆವು. ತಮ್ಮ ತಂತ್ರಜ್ಞರು ಮೊದಲು ಪ್ಲಗ್ ತೆಗೆದು, ಕೆಳಗಿನ ಸಣ್ಣ ಕೊಳವೆಯಿಂದ ನೀರನ್ನು ತಟ್ಟೆಗೆ ಬಸಿದು, ಫಿಲ್ಟರ್ ಬಿಚ್ಚಿದರು. ಅದರ ಹಿಂದೆ ಪಂಪ್‌ನ ರೆಕ್ಕೆಗೆ ಸಿಕ್ಕಿಕೊಂಡಿದ್ದ ನಾಣ್ಯವನ್ನು ತೆಗೆದು ತೋರಿಸಿದರು. ಮಷಿನ್ ಓಡಿಸಿ, ನೀರು ಹೋಗುವುದನ್ನು ಕಾಣಿಸಿ, ಹೊಸ ಪಂಪ್ ಬೇಡವೆಂದರು. ಫಿಲ್ಟರ್ ತೊಳೆಯುವ ಕ್ರಮವನ್ನು ನಮ್ಮ ಕೈಯಲ್ಲೇ ಮಾಡಿಸಿದರು.’

‘ಪ್ರಾಮಾಣಿಕ’ ಎಂಬ ಪದವೇ ಇಲ್ಲಿಲ್ಲ. ಗಿರಾಕಿಯೇ ಹೊಸ ಪಂಪ್ ಕೇಳಿದಾಗಲೂ ಬೇಡವೆಂದರಲ್ಲ, ಅಷ್ಟು ಸಾಕು. ‘ನಾವು ಹೊಸದನ್ನೇ ಹಾಕಲು ಹೇಳಿದೆವು’ ಎಂಬ ಸಾಲನ್ನು ಹಲವರು ಬಿಡುತ್ತಾರೆ. ಅದನ್ನು ಬಿಟ್ಟರೆ ಉಳಿಯುವುದು ಬರೀ ಫಿಲ್ಟರ್ ತೊಳೆದ ಕೆಲಸ. ಮೆಚ್ಚುಗೆಗೆ ಕಾರಣವಾದ ಸಂದರ್ಭ ಮೊದಲು, ಕೆಲಸ ಆಮೇಲೆ.

ಹೊಗಳಲು ಹೋಗಿ ನೌಕರನನ್ನೇ ಸಿಕ್ಕಿಸಿಬಿಡುವ ಅಪಾಯವೂ ಇದೆ. ‘ಹಣವನ್ನೇ ತೆಗೆದುಕೊಳ್ಳಲಿಲ್ಲ’ ಎಂದರೆ ಭೇಟಿ ಶುಲ್ಕ ಎಲ್ಲಿ ಎಂದು ಲೆಕ್ಕ ಕೇಳಬಹುದು. ಶುಲ್ಕ ಕೊಟ್ಟಿದ್ದರೆ ‘ಭೇಟಿ ಶುಲ್ಕ ಮಾತ್ರ ಪಡೆದು ರಸೀದಿ ಕೊಟ್ಟರು’ ಎಂದೇ ಬರೆಯಿರಿ. ‘ಇನ್ನು ಮುಂದೆ ನೇರವಾಗಿ ನನಗೇ ಫೋನ್ ಮಾಡಿ ಎಂದರು’ ಎಂಬುದು ಗಿರಾಕಿಗೆ ಒಳ್ಳೆಯತನವಾಗಿ ಕಂಡರೂ, ಕಂಪನಿಯ ಕಣ್ಣಿಗೆ ಅದು ಖಾಸಗಿ ದುಡಿಮೆ. ‘ಹಿಂದೆ ಬಂದವರಿಗೆ ಕೆಲಸವೇ ಗೊತ್ತಿರಲಿಲ್ಲ’ ಎಂಬ ಹೋಲಿಕೆಯೂ ಬೇಡ. ಓದುವವರ ಗಮನ ಆ ಇನ್ನೊಬ್ಬರ ಕಡೆ ತಿರುಗಿ, ಮೆಚ್ಚುಗೆ ಪತ್ರವೇ ದೂರು ಪತ್ರವಾಗುತ್ತದೆ.

ಕೋರಿಕೆ ಒಂದೇ ಇರಲಿ: ‘ಈ ಪತ್ರವನ್ನು ಅವರಿಗೆ ತೋರಿಸಿ, ಅವರ ಸೇವಾ ಕಡತದಲ್ಲಿ ಸೇರಿಸಬೇಕೆಂದು ಕೋರುತ್ತೇನೆ.’ ಬಡ್ತಿ, ಸಂಬಳದ ಮಾತು ಬೇಡ. ಕೆಳಗೆ ಸಹಿಯ ಜೊತೆ, ದೂರು ದಾಖಲಿಸಿದಾಗ ಕೊಟ್ಟಿದ್ದ ಮೊಬೈಲ್ ಸಂಖ್ಯೆಯನ್ನೇ ಹಾಕಿ. ಆಗ ಬರೆದವರು ನಿಜವಾದ ಗಿರಾಕಿಯೇ ಎಂದು ಕಚೇರಿಯವರು ತಾಳೆ ನೋಡಬಹುದು.