ಕಾಯೋ ಹೊತ್ತಿನ ಕೂಲಿ ಯಾರು ಕೊಡ್ಬೇಕು? ಬಂದರಿನ ಗೇಟಿನಿಂದ ಆಪ್ ತನಕ

ಗಿಗ್ ಕೆಲಸದ ಮಾತು ಬಂದಾಗೆಲ್ಲ, ಮೊದ್ಲು ಎಲ್ರಿಗೂ ಪರ್ಮನೆಂಟ್ ಕೆಲಸ ಇತ್ತು, ಆಪ್‌ಗಳು ಬಂದು ಹಾಳು ಮಾಡಿದ್ವು ಅಂತಾರೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದ್ರೆ ಕಥೆ ಬೇರೇನೇ ಇದೆ, ಅದಕ್ಕೆ ಲಂಡನ್ ಬಂದರಿಗಿಂತ ಒಳ್ಳೆ ಜಾಗ ಇಲ್ಲ.

1880ರ ದಶಕದಲ್ಲಿ ಅಲ್ಲಿ ಹಡಗಿನಿಂದ ಮೂಟೆ ಇಳಿಸೋರಿಗೆ ಕೆಲಸ ಅಂತ ಒಂದು ಇರ್ಲೇ ಇಲ್ಲ, ಇದ್ದಿದ್ದು ಗಂಟೆ ಲೆಕ್ಕದ ಕೂಲಿ. ಬೆಳಿಗ್ಗೆ ಗೇಟಿನ ಹತ್ರ ಜನ ಗುಂಪು ಕಟ್ಕೊಂಡು ನಿಲ್ಲೋರು, ಮೇಸ್ತ್ರಿ ಬಂದು ನೀನು ಬಾ, ನೀನು ಬಾ ಅಂತ ಕೆಲವರನ್ನ ಆರಿಸೋನು, ಮೇಸ್ತ್ರಿ ಕಣ್ಣಿಗೆ ಬೀಳೋಕೆ ಒಬ್ರ ಮೇಲೊಬ್ರು ಬಿದ್ದು ನುಗ್ಗಾಟ ಆಗೋದು, ಉಳಿದೋರು ವಾಪಸ್. ಒಳಗೆ ಹೋದವನಿಗೂ ಒಂದೆರಡು ಗಂಟೆ ಆದ್ಮೇಲೆ ಸಾಕು ಹೋಗು ಅನ್ನಬಹುದಿತ್ತು. ಹಡಗು ಯಾವಾಗ ಬರುತ್ತೆ ಅನ್ನೋದು ಗಾಳಿ, ಉಬ್ಬರ, ವ್ಯಾಪಾರ ಇವುಗಳ ಮೇಲೆ ನಿಂತಿತ್ತು. ಆ ಏರುಪೇರಿನ ನಷ್ಟ ಕಂಪನಿ ತಲೆ ಮೇಲೆ ಬೀಳ್ತಿರ್ಲಿಲ್ಲ, ಗೇಟಿನಲ್ಲಿ ನಿಂತವನ ಹೊಟ್ಟೆ ಮೇಲೆ ಬೀಳ್ತಿತ್ತು.

1889ರ ಆಗಸ್ಟ್‌ನಲ್ಲಿ ದೊಡ್ಡ ಮುಷ್ಕರ ಆಯ್ತು. ಎಲ್ರಿಗೂ ನೆನಪಿರೋದು ಗಂಟೆಗೆ 5 ಪೆನ್ನಿ ಇದ್ದ ಕೂಲಿನ 6 ಪೆನ್ನಿ ಮಾಡಿ ಅನ್ನೋ ಬೇಡಿಕೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದ್ದು ಇನ್ನೊಂದು, ಒಂದ್ಸಲ ಕರೆದ್ಮೇಲೆ ಕಡಿಮೆ ಅಂದ್ರೂ 4 ಗಂಟೆ ಕೆಲಸ ಕೊಡ್ಬೇಕು ಅನ್ನೋದು. ನಮ್ಮ ಹೊತ್ತಿಗೂ ಬೆಲೆ ಇದೆ ಅನ್ನೋ ಮಾತು ಅದು. ಬೆನ್ ಟಿಲೆಟ್, ಜಾನ್ ಬರ್ನ್ಸ್, ಟಾಮ್ ಮ್ಯಾನ್ ಮುಂದೆ ನಿಂತಿದ್ದ ಆ ಮುಷ್ಕರ ಸೆಪ್ಟೆಂಬರ್‌ನಲ್ಲಿ ಗೆಲ್ತು. ಅಲ್ಲೀವರೆಗೂ ಕಸುಬು ಗೊತ್ತಿದ್ದ ಕಾರ್ಮಿಕರ ಸಂಘದೋರೇ ಈ ಕೂಲಿಗಳನ್ನ ಸಂಘ ಕಟ್ಟೋಕೆ ಲಾಯಕ್ಕಿಲ್ಲದ ಜನ ಅನ್ಕೊಂಡಿದ್ರು, ಅಂದ್ರೆ ಕಾರ್ಮಿಕ ವರ್ಗ ಅನ್ನೋದು ಆಗ್ಲೂ ಒಂದೇ ಗಂಟಲ್ಲಿ ಕಟ್ಟಿದ ಸೊಪ್ಪು ಆಗಿರ್ಲಿಲ್ಲ.

ಗೇಟಿನ ನುಗ್ಗಾಟ ಮಾತ್ರ ಹಾಗೇ ಉಳೀತು. 1947ರಲ್ಲಿ ಬ್ರಿಟನ್ ಬಂದರು ಕಾರ್ಮಿಕರಿಗೆ ಒಂದು ರಾಷ್ಟ್ರೀಯ ಯೋಜನೆ ತಂತು. ಹೆಸರು ರಿಜಿಸ್ಟರ್ ಆದೋನು ಹಾಜರಿಗೆ ಬಂದು, ಆವತ್ತು ಕೆಲಸ ಸಿಗದಿದ್ರೆ ಪುಸ್ತಕಕ್ಕೆ ಸೀಲ್ ಹಾಕಿಸ್ಕೊಳ್ಳೋನು, ಆ ಸೀಲ್ ತೋರಿಸಿದ್ರೆ ಹಾಜರಾತಿ ದುಡ್ಡು ಸಿಗೋದು. ಅದಕ್ಕೆ ಬೇಕಾದ ದುಡ್ಡನ್ನ ಮಾಲೀಕರಿಂದಲೇ ವಸೂಲಿ ಮಾಡ್ತಿದ್ರು. ಒಂದು ಸಣ್ಣ ಸೀಲು, ಆದ್ರೆ ಕಾಯೋ ಹೊತ್ತಿನ ಖರ್ಚು ಕೂಲಿಯವನ ಕಡೆಯಿಂದ ಮಾಲೀಕರ ಕಡೆಗೆ ದಾಟಿದ್ದು ಅದರಿಂದ. 1967ರಲ್ಲಿ ಪ್ರತಿಯೊಬ್ನೂ ಒಂದೊಂದು ಕಂಪನಿಯ ಖಾಯಂ ನೌಕರ ಆದ. ಅಷ್ಟೊತ್ತಿಗೆ ಕಂಟೇನರ್‌ಗಳು ಬಂದು ಮೂಟೆ ಹೊರೋರೇ ಬೇಡ ಆಗೋಕೆ ಶುರುವಾಗಿತ್ತು. 1989ರಲ್ಲಿ ಸರ್ಕಾರ ಯೋಜನೆನೇ ರದ್ದು ಮಾಡ್ತು. ನಾವು ಯಾವಾಗ್ಲೂ ಇತ್ತು ಅನ್ಕೊಳ್ಳೋ ಪರ್ಮನೆಂಟ್ ಕೆಲಸ ಇವರಿಗೆ ಸಿಕ್ಕಿದ್ದು ಬರೀ 22 ವರ್ಷ.

ಈಗ ಅದೇ ಗೇಟು ಫೋನಲ್ಲಿದೆ. ಲಾಗಿನ್ ಆಗಿ ಕೂತ್ಕೊಂಡು ಟ್ರಿಪ್‌ಗೆ ಕಾಯೋದು. ವ್ಯತ್ಯಾಸ ಏನಪ್ಪಾ ಅಂದ್ರೆ ಗಾಡಿ ಡ್ರೈವರ್‌ದೇ, ಸಾಲನೂ ಅವನದೇ. ಹಳೇ ವರ್ಗ ಸಿದ್ಧಾಂತದ ಪ್ರಕಾರ ದುಡಿಯೋ ಸಾಧನ ಯಾರ ಹತ್ರ ಇದೆಯೋ ಅವನು ಮಾಲೀಕ, ಹಾಗಾದ್ರೆ ಇವನು ಮಾಲೀಕ ಆಗ್ಬೇಕು, ಆದ್ರೆ ರೇಟ್ ಎಷ್ಟು ಅಂತ ಹೇಳೋ ಹಕ್ಕೇ ಇಲ್ಲದ ಮಾಲೀಕ ಎಂಥ ಮಾಲೀಕ?

ಊಬರ್ ಡ್ರೈವರ್‌ಗಳ ಕೇಸಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 19ರಂದು ನೋಡಿದ್ದು ಇದನ್ನೇ. ಕಾಗದದಲ್ಲಿ ಏನು ಬರೆದಿದೆ ಅನ್ನೋದು ಬಿಟ್ಟು ಯಾರು ಯಾರನ್ನ ಕುಣಿಸ್ತಿದ್ದಾರೆ ನೋಡೋಣ ಅಂತು ಕೋರ್ಟು. ದರ ಫಿಕ್ಸ್ ಮಾಡೋದು ಕಂಪನಿ, ಷರತ್ತು ಅವರದೇ, ರೇಟಿಂಗ್ ಬಿದ್ರೆ ಹೊರಗೆ, ಸಾಲಾಗಿ ಟ್ರಿಪ್ ಬೇಡ ಅಂದ್ರೆ 10 ನಿಮಿಷ ಆಪ್ ಬಂದ್. ಹಾಗಾಗಿ ಅವರು ಪೂರ್ತಿ ನೌಕರರಲ್ಲ, ಸ್ವಂತ ಬಿಸಿನೆಸ್ ಮಾಡೋರೂ ಅಲ್ಲ, ನಡುವಿನ ವರ್ಕರ್ ಅನ್ನೋ ದರ್ಜೆ ಅಂತ ತೀರ್ಪು. ಕನಿಷ್ಠ ವೇತನ, ಸಂಬಳದ ರಜೆ ಸಿಗುತ್ತೆ. ಜೊತೆಗೆ, ಲಾಗಿನ್ ಆಗಿ ತನ್ನ ಏರಿಯಾದಲ್ಲಿ ಟ್ರಿಪ್ ತಗೊಳ್ಳೋಕೆ ರೆಡಿ ಇರೋ ಹೊತ್ತೂ ಕೆಲಸದ ಹೊತ್ತೇ ಅಂದ್ರು.

ಆಮೇಲೆ ಕಂಪನಿ ಹೇಳಿದ್ದು, ಕನಿಷ್ಠ ವೇತನದ ಲೆಕ್ಕ ಟ್ರಿಪ್ ಒಪ್ಕೊಂಡ ಕ್ಷಣದಿಂದ ಅಂತ. ಕೇಳೋಕೆ ಸಣ್ಣ ವಿಷಯ. ಆ ವರ್ಷ ಏಪ್ರಿಲ್‌ನಿಂದ ಅಲ್ಲಿ 23 ತುಂಬಿದವರಿಗೆ ಗಂಟೆಗೆ 8.91 ಪೌಂಡ್ ಇತ್ತು. ಒಬ್ಬ 10 ಗಂಟೆ ಲಾಗಿನ್ ಇದ್ದು 6 ಗಂಟೆ ಮಾತ್ರ ಟ್ರಿಪ್ಪಲ್ಲಿದ್ದ ಅನ್ಕೊಳ್ಳಿ, ಕಾಯೋದನ್ನೂ ಸೇರಿಸಿದ್ರೆ 89.10 ಪೌಂಡ್, ಬಿಟ್ರೆ 53.46. ನಡುವಿನ 35.64 ಪೌಂಡೇ ಆ ಹಳೇ ಸೀಲಿನ ಬೆಲೆ.

ಊಟ ತಲುಪಿಸೋ ಡೆಲಿವರೂ ರೈಡರ್‌ಗಳಿಗೆ ಇಷ್ಟೂ ಸಿಗ್ಲಿಲ್ಲ. 2023ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಅವರ ಸಂಘದ ಕೇಸನ್ನ ತಳ್ಳಿಹಾಕ್ತು. ಮುಖ್ಯ ಕಾರಣ, ತನ್ನ ಬದಲು ಇನ್ನೊಬ್ಬನನ್ನ ಕಳಿಸೋ ಅವಕಾಶ ಅವರ ಒಪ್ಪಂದದಲ್ಲಿತ್ತು.