‘ಬೆನ್ನು ನೇರ, ಸೊಂಟ ಹಿಂದೆ’ ಅಂತ ನೆನಪಿಟ್ಟಷ್ಟೂ ಯಾಕೆ ಹದಗೆಡುತ್ತದೆ?

ಪ್ರಶ್ನೆ: ನೆಲದ ಮೇಲಿರುವ ಭಾರದ ಬಾರ್ ಹಿಡಿದು ಎದ್ದು ನಿಲ್ಲುವ ಡೆಡ್‌ಲಿಫ್ಟ್ ಕಲಿಯುತ್ತಿದ್ದೇನೆ. ಬೆನ್ನು ನೇರ, ಸೊಂಟ ಹಿಂದೆ, ಮಂಡಿ ಸ್ವಲ್ಪ ಬಾಗಿಸು, ಭುಜ ಕೆಳಗೆ ಅಂತ ಹೇಳಿಕೊಟ್ಟಿದ್ದಾರೆ. ಎಲ್ಲ ನೆನಪಿಟ್ಟುಕೊಂಡು ಮಾಡಲು ಹೋದರೆ ಮೈ ಮರಗಟ್ಟಿದ ಹಾಗಾಗುತ್ತದೆ. ನನಗೆ ಇದು ಬರೋದೇ ಇಲ್ವಾ?

ಉತ್ತರ: ಬರುತ್ತದೆ. ಸದ್ಯಕ್ಕೆ ಮೈಯ ಒಂದೊಂದು ಭಾಗಕ್ಕೂ ಕಾವಲು ಕೂತಿದ್ದೀರಿ, ಅಷ್ಟೇ. ಮೆಟ್ಟಿಲು ಇಳಿಯುವಾಗ ಯಾವ ಪಾದ ಎಲ್ಲಿ ಊರಬೇಕು ಅಂತ ಯೋಚಿಸಿ ನೋಡಿ, ಅಲ್ಲೂ ಹೀಗೇ ತಡವರಿಸುತ್ತೀರಿ. (ಕಂಬಿ ಹಿಡಿದುಕೊಂಡೇ ನೋಡಿ.)

ಮೈಯ ಚಲನೆಗಳನ್ನು ನಾವು ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಸ್ಕೀಯಿಂಗ್ ಅಭ್ಯಾಸದ ಯಂತ್ರವೊಂದರಲ್ಲಿ, ಬಾಗಿದ ಕಂಬಿಗಳ ಮೇಲೆ ಚಕ್ರ ಇರುವ ಹಲಗೆ. ಅದರ ಮೇಲೆ ನಿಂತು ಎಡಕ್ಕೂ ಬಲಕ್ಕೂ ಆದಷ್ಟು ದೂರ ತೂಗಬೇಕು. ಒಂದು ಗುಂಪಿಗೆ ‘ಹೊರಗಿನ ಪಾದದಿಂದ ಒತ್ತಿ’ ಅಂದರು. ಇನ್ನೊಂದಕ್ಕೆ ‘ಹೊರಗಿನ ಚಕ್ರಗಳನ್ನು ಒತ್ತಿ’ ಅಂದರು. ಚಕ್ರ ಇದ್ದದ್ದು ಪಾದದ ಕೆಳಗೇ! ಎರಡು ದಿನ ಅಭ್ಯಾಸ ಮಾಡಿಸಿ, ಮೂರನೇ ದಿನ ಯಾವ ಸೂಚನೆಯೂ ಇಲ್ಲದೆ ನೋಡಿದಾಗ ಚಕ್ರದ ಗುಂಪು ಮುಂದಿತ್ತು. ಪಾದದ ಗುಂಪು ಏನೂ ಹೇಳಿಸಿಕೊಳ್ಳದವರಿಗಿಂತ ಮೇಲೇನೂ ಇರಲಿಲ್ಲ.

ಅಂದರೆ ಮೈಯ ಭಾಗದ ಮೇಲಲ್ಲ, ಮೈಯಿಂದ ಹೊರಗಿನ ವಸ್ತುವಿನ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಯಾಕೆ ಹೀಗೆ? ಕೈಕಾಲನ್ನು ಬೇಕಂತಲೇ ಆಡಿಸಲು ಹೊರಟಾಗ, ತಾನಾಗಿ ನಡೆಯುವ ಸಣ್ಣ ಸಣ್ಣ ಹೊಂದಾಣಿಕೆಗಳಿಗೆ ನಾವೇ ಅಡ್ಡ ಬರುತ್ತೇವೆ ಅನ್ನುವುದು ವುಲ್ಫ್ ಅವರ ವಿವರಣೆ. 2005ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಮೇಲೆ ನಡೆದ ಪ್ರಯೋಗದಲ್ಲಿ ಇದರ ಸುಳಿವು ಸ್ನಾಯುಗಳಲ್ಲೇ ಸಿಕ್ಕಿತು. ಮಣಿಕಟ್ಟಿನ ಕಡೆ ಗಮನ ಇಟ್ಟಾಗ, ಚೆಂಡು ಬೀಳಬೇಕಾದ ಬುಟ್ಟಿಯ ಬಳೆಯ ಕಡೆ ಇಟ್ಟಾಗಿನದಕ್ಕಿಂತ ತೋಳಿನ ಸ್ನಾಯುಗಳು ಜಾಸ್ತಿ ದುಡಿದವು, ಗುರಿ ಮಾತ್ರ ಕಡಿಮೆ ಬಿತ್ತು.

ಈಗ ನಿಮ್ಮ ಡೆಡ್‌ಲಿಫ್ಟ್. ಬಾರ್ ಪಕ್ಕಕ್ಕಿಡಿ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಯಿಂದ ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿ. ಎರಡೂ ಕೈ ತುಂಬ ಸಾಮಾನಿದೆ, ಹಿಂದಿನ ಬಾಗಿಲನ್ನು ಕುಂಡಿಯಿಂದಲೇ ಮುಚ್ಚಬೇಕು ಅಂದುಕೊಳ್ಳಿ. ಗೋಡೆಯೇ ಆ ಬಾಗಿಲು. ಅದನ್ನು ಮುಟ್ಟಿ, ಎದ್ದು ನಿಲ್ಲಿ. ಸೊಂಟ ಹಿಂದೆ ಹೋಗುತ್ತದೆ, ಎದೆ ಮುಂದಕ್ಕೆ ಬಾಗುತ್ತದೆ, ಮಂಡಿ ತಾನಾಗಿ ಎಷ್ಟು ಬೇಕೋ ಅಷ್ಟು ಸಡಿಲವಾಗುತ್ತದೆ. ನಾಲ್ಕೈದು ಸಲ ಸಲೀಸಾಗಿ ಆದ ಮೇಲೆ ಎರಡು ಬೆರಳಷ್ಟು ಮುಂದೆ ಸರಿಯಿರಿ. ಗೋಡೆ ಮೇಲೆ ದೊಪ್ಪನೆ ಒರಗಿದಿರಾ? ಜಾಸ್ತಿ ದೂರ ಬಂದಿದ್ದೀರಿ. ಮಂಡಿ ಮುಂದೆ ಹೋಗಿ ಕುಕ್ಕರುಗಾಲಿನ ಹಾಗಾದರೆ, ಬಾಗಿಲು ಮುಚ್ಚುವ ಬದಲು ಕೂರುತ್ತಿದ್ದೀರಿ.

ಬೆನ್ನಿನ ವಿಷಯವನ್ನು ಕೋಲಿಗೆ ಬಿಡಿ. ಬೆನ್ನುದ್ದಕ್ಕೂ ಒಂದು ಕೋಲು ಹಿಡಿದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನಿನ ತಳದ ಮೂಳೆ ಮೂರಕ್ಕೂ ತಾಗಿಸಿ. ‘ಕೋಲು ಎಲ್ಲೂ ಬಿಟ್ಟುಕೊಳ್ಳಬಾರದು’, ಇಷ್ಟೇ ಸೂಚನೆ. ಬೆನ್ನು ಗೂನಾದ ಕೂಡಲೇ ಯಾವುದೋ ಒಂದು ಕಡೆ ಕೋಲು ಕಳಚುತ್ತದೆ. ಬಾರ್ ಕೈಗೆ ಬಂದ ಮೇಲೆ ‘ನೆಲವನ್ನು ಕೆಳಕ್ಕೆ ತಳ್ಳು’ ಅಥವಾ ‘ಬಾರ್ ಪ್ಯಾಂಟನ್ನು ಸವರಿಕೊಂಡೇ ಬರಲಿ’ ಸಾಕು. ಒಂದು ಸೆಟ್‌ಗೆ ಒಂದೇ ಮಾತು. ನಾಲ್ಕನ್ನು ಗುಡ್ಡೆ ಹಾಕಿದರೆ, ಅವು ಹೊರಗಿನವೇ ಆದರೂ ಮತ್ತೆ ಮೈ ಮರಗಟ್ಟುತ್ತದೆ.

ಹೊರಗೆ ಅಂದ ಮಾತ್ರಕ್ಕೆ ತುಂಬ ದೂರವೂ ಬೇಡ. ಗಾಲ್ಫ್ ಹೊಸದಾಗಿ ಕಲಿಯುವವರಿಗೆ ಚೆಂಡು ಹಾರುವ ದಾರಿಗಿಂತ, ಕೈಯಲ್ಲಿರುವ ಕ್ಲಬ್ ಹೇಗೆ ಬೀಸುತ್ತದೆ ಅನ್ನುವುದರ ಮೇಲೆ ಗಮನ ಇಟ್ಟಾಗ ಹೆಚ್ಚು ಉಪಯೋಗವಾದದ್ದು ಕಂಡುಬಂದಿದೆ.

ಇದನ್ನು ಮಂತ್ರ ಅಂದುಕೊಳ್ಳಬೇಡಿ. ಚೆನ್ನಾಗಿ ಬಂದ ಫಲಿತಾಂಶಗಳೇ ಜಾಸ್ತಿ ಪ್ರಕಟವಾಗಿರುವುದರಿಂದ ಇದರ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಂಡಿದೆ ಅಂತ ಇತ್ತೀಚೆಗೆ ಕೆಲವರು ವಾದಿಸಿದ್ದಾರೆ. ನೃತ್ಯದಲ್ಲಿ ಬೆರಳು, ಕಾಲಿನ ಆಕಾರವೇ ಗುರಿಯಾದಾಗ ಅಂಗದ ಹೆಸರು ಹೇಳದೆ ಆಗುವುದಿಲ್ಲ. ಎಲ್ಲಾದರೂ ನೋವಿದ್ದರೆ, ಯಾವ ಭಾಗ ಎಳೆಯುತ್ತಿದೆ ಅಂತ ಗಮನಿಸಲೇಬೇಕು. ಮೊದಲ ದಿನ ‘ಇಲ್ಲಿ ಬಾಗೋದು ಸೊಂಟ, ಬೆನ್ನಲ್ಲ’ ಅಂತ ಒಮ್ಮೆ ತೋರಿಸಿಕೊಡುವುದೂ ಸರಿಯೇ. ಆಮೇಲೆ ಅದನ್ನೇ ಪ್ರತಿ ಸಲ ಜಪಿಸುವುದು ಬೇಡ.

ಕಲಿತಿರಾ ಇಲ್ಲವಾ ಅಂತ ಅವತ್ತೇ ತೀರ್ಮಾನಿಸಬೇಡಿ. ಗೋಡೆ ಹಿಂದೆ ಇದ್ದಾಗ ಯಾರಿಗಾದರೂ ಬರುತ್ತದೆ. ಎರಡು ದಿನ ಬಿಟ್ಟು, ಗೋಡೆ ಕೋಲು ಯಾವುದೂ ಇಲ್ಲದೆ, ಏನೂ ನೆನಪಿಸಿಕೊಳ್ಳದೆ ಒಂದು ಸಲ ಮಾಡಿ. ಪಕ್ಕದಿಂದ ವಿಡಿಯೋ ತೆಗೆಸಿಕೊಳ್ಳಿ. ಆ ಮೊದಲನೇ ಸಲದ್ದನ್ನೇ ನೋಡಿ, ಮೂರನೆಯದನ್ನಲ್ಲ.